ಕಾಸಿದ ನೀರು, ಕುದಿಸಿದ ನೀರು

ಚರಂಡಿ ನೀರು ನಳದ ನೀರಿಗೆ ಸೇರಿ, ಕೆಲಗೇರಿಯ ಓಣಿಯೊಂದರಲ್ಲಿ ಹನ್ನೊಂದು ಮಂದಿಗೆ ವಾಂತಿಭೇದಿ ಹತ್ತಿತ್ತು. ‘ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ ಸೇವಿಸತಕ್ಕದ್ದು’ ಎಂದು ಆಟೋದ ಮೈಕು ಕೂಗಿದರೂ ಯಾರೂ ಕಿವಿಗೊಡಲಿಲ್ಲ. ಆರೋಗ್ಯ ಇಲಾಖೆಯ ಪ್ರಭಾವತಿ, ಬಾಯಿ ತೆರೆದರೆ ಧಾರವಾಡವೇ ನಡುಗುವ ಮುದುಕಿ ಸಾವಂತ್ರೆವ್ವನ ದನಿಯಲ್ಲೇ ಅದನ್ನು ರೆಕಾರ್ಡ್ ಮಾಡಲು ಅವಳ ಮುಂದೆ ಮೊಬೈಲ್ ಹಿಡಿದಳು.

“ನಿಮ್ಮ ಮಾತಿನಾಗ ಹೇಳ್ರಿ ಆಯಿ, ಬೇಕಾದ್ರ ಬೈರಿ. ಸಂಗತಿ ಮಾತ್ರ ಬದಲಾಗಬಾರದು.”

ಸಾವಂತ್ರೆವ್ವ ನಳದ ನೀರಿನ ಕೊಡದೊಳಗೆ ಇಣುಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸತ್ತ ಹೆಗ್ಗಣದ ನಾತ.

“ಥೂ! ಎಮ್ಮಿ ಸೈತ ಮೂತಿ ತಿರುವತಾವ, ನೀವು ಗಟಗಟ ಕುಡೀತೀರಿ! ಊರಿಗೆ ಊರ ಮಕಾಡಿ ಬಿದ್ದೈತಿ. ನೀರು ಕಾಸಿ ಕುಡೀರಿ!”

“ಊರಲ್ಲ ಆಯಿ, ಹನ್ನೊಂದು ಮಂದಿ. ಮತ್ತ ಕಾಸೂದಲ್ಲ, ಕುದಸೂದು.”

“ಎರಡೂ ಒಂದ ಅಲ್ಲೇನ? ಮುಂಜಾನಿ ಮೊಮ್ಮಗಳಿಗೆ ಕಾಸೇ ಕೊಟ್ಟೇನಿ.”

“ಎಷ್ಟು ಕಾಸಿದ್ರಿ?”

“ಜಳಕಕ್ಕ ಕಾಸಿದಷ್ಟು.”

“ಅಷ್ಟಕ್ಕ ರೋಗದ ಹುಳ ಸಾಯೂದಿಲ್ಲ ಆಯಿ.”

 ಸಾವಂತ್ರೆವ್ವನಿಗೆ ಹೆಗ್ಗಣವನ್ನೇ ಬೆಚ್ಚಗೆ ಮಾಡಿ ಕೂಸಿನ ಬಾಯಿಗೆ ಹಿಡಿದಂತಾಯಿತು. ಕೊಡವನ್ನು ಬಚ್ಚಲಿಗೆ ಬೋರಲು ಹಾಕಿದಳು.

“ಮೊಬೈಲ್ ಇನ್ನೊಮ್ಮೆ ಹಚ್ಚವ್ವಾ.”

ಈ ಸಲ ಮೊಬೈಲಿನ ಹತ್ತಿರಕ್ಕೇ ಬಾಗಿದಳು. “ಥೂ! ಹನ್ನೊಂದು ಮಂದಿ ಬಿದ್ದಾರ. ಕಾಸಿದ್ರ ಸಾಲೂದಿಲ್ಲರೆವ್ವಾ! ಹತ್ತು ನಿಮಿಷ ಕೊತಕೊತ ಕುದಿಸಿ, ಆರಿಸಿ ಕುಡೀರಿ. ನನ್ನಂಗ ಹೊಲಸು ಬೆಚ್ಚಗ ಮಾಡಿ ಕೂಸಿಗೆ ಕುಡಿಸಬ್ಯಾಡ್ರಿ!”