ಪರೀಕ್ಷಿಸಿದವರು

ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ನಡುವೆ ಉದ್ದಕ್ಕೆ ಗೆರೆ ಎಳೆದು, ಅಡುಗೆಮನೆಯ ಡಬ್ಬಿಗಳ ಸಾಲಿನ ಪಕ್ಕ ಅಂಟಿಸಿದ್ದೆ. ಗೆರೆಯ ಎಡಕ್ಕೆ ‘ಪೇಟೆ’, ಬಲಕ್ಕೆ ‘ಆಸ್ಪತ್ರೆ’. ಕುಕ್ಕರಿನ ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ನೆನಪಾದದ್ದನ್ನು ಒಂದೊಂದೇ ಸಾಲಾಗಿ ಬರೆಯುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಒಗ್ಗರಣೆಯ ಎಣ್ಣೆ ಹಾರಿ ಕಾಗದದ ತುಂಬ ಚುಕ್ಕೆಗಳಾಗಿದ್ದವು.

ಆಗ ನನಗೆ ನಲವತ್ತಮೂರು. ಹಿಂದೆ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಮಗಳು ಮೇದಿನಿ ಹುಟ್ಟಿದಾಗ ಕೆಲಸ ಬಿಟ್ಟವಳು ಹದಿನಾರು ವರ್ಷ ಮರಳಿ ಹೋಗಿರಲಿಲ್ಲ. ಆದರೆ ನೋಂದಣಿಯನ್ನು ಮಾತ್ರ ತಪ್ಪದೆ ನವೀಕರಿಸುತ್ತಿದ್ದೆ. ಮೇದಿನಿ ಕಾಲೇಜು ಸೇರಿದ ವರ್ಷ, ಒಂದೇ ತಿಂಗಳಲ್ಲಿ, ಎರಡು ಕಡೆ ಜಾಗ ಖಾಲಿ ಇರುವ ಸುದ್ದಿ ಬಂತು.

ಪೇಟೆಯ ಲ್ಯಾಬು ನನ್ನ ಗಂಡನ ಗೆಳೆಯ ಸದಾನಂದಪ್ಪನವರದು. ಮನೆಯಿಂದ ಏಳು ನಿಮಿಷದ ನಡಿಗೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಒಂದಕ್ಕೆ ಮನೆ. ಸಂಬಳ ಆಸ್ಪತ್ರೆಗಿಂತ ಒಂದೂವರೆ ಪಟ್ಟು. ಆಸ್ಪತ್ರೆ ಊರಾಚೆಯದು, ಯಾವುದೋ ಟ್ರಸ್ಟಿನದು. ಎರಡು ಬಸ್ಸು ಹತ್ತಬೇಕು. ಒಂದು ವಾರ ಬೆಳಿಗ್ಗೆ ಎಂಟರಿಂದ ಎರಡು, ಮುಂದಿನ ವಾರ ಎರಡರಿಂದ ರಾತ್ರಿ ಎಂಟು. ಮೊದಲ ಮೂರು ತಿಂಗಳು ಪರೀಕ್ಷಾರ್ಥ, ಆಮೇಲೆ ಭವಿಷ್ಯನಿಧಿ, ರಜೆ, ಎಲ್ಲವೂ ಬರಹದಲ್ಲಿ. ಅದಕ್ಕೂ ಮೊದಲು ಅವರ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು.

“ಇದರಲ್ಲಿ ಹೋಲಿಸೋದೇನಿದೆ?” ಎಂದರು ನನ್ನ ಗಂಡ. “ಕಾಲ ಬುಡದಲ್ಲೇ ಕೆಲಸ ಇದೆ. ನೀನು ಕಾಗದ ಅಂಟಿಸ್ಕೊಂಡು ಕೂತಿದೀಯ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಬೆಳಿಗ್ಗೆ ಆರೂವರೆಗೆ ಬರುತ್ತಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಊಟ ಆಗಬೇಕು. ಆಸ್ಪತ್ರೆಗೆ ಎಂಟಕ್ಕೆ ಸೇರಬೇಕಾದರೆ ಏಳಕ್ಕೆ ಮನೆ ಬಿಡಬೇಕು. ಬರೀ ಲೆಕ್ಕ ಸಾಲದೆಂದು ಒಂದು ಸೋಮವಾರ ನಿಜವಾಗಿಯೇ ಹೋಗಿ ನೋಡಿದೆ. ಹೋಗಲು ಐವತ್ತು ನಿಮಿಷ, ಬರುವಾಗ ಎರಡನೆಯ ಬಸ್ಸು ತಪ್ಪಿ ಒಂದು ಗಂಟೆ ಹತ್ತು ನಿಮಿಷ. ಅದನ್ನೂ ಬಲಗಡೆ ಬರೆದೆ.

ಮೊದಲು ನನಗೆ ಅನುಮಾನ ಬಂದದ್ದು ಆಸ್ಪತ್ರೆಯ ಮೇಲೆಯೇ. ಆ ಜಾಗಕ್ಕೆ ಎರಡು ವರ್ಷದಲ್ಲಿ ಮೂವರು ಬಂದು ಹೋಗಿದ್ದರಂತೆ. ನಿಲ್ಲಲು ಬಿಡದಂಥದ್ದು ಅಲ್ಲೇನೋ ಇರಬೇಕು ಎಂದುಕೊಂಡೆ.

ಪೇಟೆಯ ಲ್ಯಾಬನ್ನು ನೋಡಿ ಬರಲು ಹೋದದ್ದು ಆ ತಿಂಗಳ ಹದಿಮೂರರಂದು. ಸದಾನಂದಪ್ಪನವರು ನಗುತ್ತ ಬರಮಾಡಿಕೊಂಡರು.

“ಬನ್ನಿ ಅತ್ತಿಗೆ. ಇದು ನಿಮ್ಮದೇ ಲ್ಯಾಬು ಅಂದ್ಕೊಳ್ಳಿ. ರಕ್ತ ತೆಗೆಯೋಕೆ ಹುಡುಗಿಯರಿದ್ದಾರೆ, ಮಿಷನ್ನು ತಾನೇ ಓಡುತ್ತೆ. ನೀವು ಬಂದು ರಿಪೋರ್ಟಿಗೆ ರುಜು ಹಾಕಿದ್ರೆ ಆಯ್ತು.”

“ಬೇರೆಯವರು ಮಾಡಿದ ಪರೀಕ್ಷೆಗೆ ನಾನು ರುಜು ಹಾಕೋದಾ?”

“‘ಪರೀಕ್ಷಿಸಿದವರು’ ಅಂತ ಒಂದು ಜಾಗ ಇರುತ್ತಲ್ಲ, ಅಲ್ಲಿಗೆ ನೋಂದಣಿ ಇರೋರ ಹೆಸರು ಬೇಕು. ಬರೋಕಾಗದ ದಿನ ಮನೇಲೇ ಇರಿ, ರುಜುದು ಒಂದು ಮುದ್ರೆ ಮಾಡಿಸ್ಕೊಳ್ಳೋಣ.”

ನನ್ನ ಕಣ್ಣು ಹಳೆಯ ಅಭ್ಯಾಸದಂತೆ ಸುತ್ತ ಓಡಾಡಿತು. ರಾಸಾಯನಿಕಗಳನ್ನಿಡುವ ಫ್ರಿಜ್ಜಿನ ಬಾಗಿಲಿಗೆ ತಾಪಮಾನದ ಪಟ್ಟಿ ಅಂಟಿಸಿದ್ದರು. ಅದನ್ನು ದಿನಾ ಬೆಳಿಗ್ಗೆ, ಸಂಜೆ ಥರ್ಮಾಮೀಟರ್ ನೋಡಿ ಬರೆಯಬೇಕು. ಅಲ್ಲಿ ಮೂವತ್ತನೆಯ ತಾರೀಕಿನವರೆಗೂ ‘ನಾಲ್ಕು ಡಿಗ್ರಿ’ ಎಂದು ಒಂದೇ ಕೈಬರಹದಲ್ಲಿ ತುಂಬಿಯಾಗಿತ್ತು. ಇನ್ನೂ ಬಾರದ ದಿನಗಳ ತಂಪನ್ನು ಯಾರೋ ಮೊದಲೇ ಅಳೆದಿಟ್ಟಿದ್ದರು.

“ಕಲ್ಚರ್ ಎಲ್ಲಿ ಮಾಡ್ತೀರಿ? ಇನ್‌ಕ್ಯುಬೇಟರ್ ಕಾಣಿಸಲಿಲ್ಲ,” ಎಂದೆ. ಕ್ರಿಮಿಯನ್ನು ಬೆಚ್ಚಗಿನ ಆ ಪೆಟ್ಟಿಗೆಯಲ್ಲಿಟ್ಟು ಬೆಳೆಸಿ ನೋಡುವ ಪರೀಕ್ಷೆ ಅದು.

“ಅದು ಹೊರಗಡೆ ಕಳಿಸ್ತೀವಿ. ಆ ತಲೆನೋವೆಲ್ಲ ನಿಮಗ್ಯಾಕೆ?”

ನೇಮಕದ ಪತ್ರ ಕೇಳಿದಾಗ ಅವರು ಮತ್ತೆ ನಕ್ಕರು. “ನಮ್ಮ ನಮ್ಮಲ್ಲಿ ಪತ್ರ ಎಂಥದ್ದು ಅತ್ತಿಗೆ!”

ಮನೆಗೆ ಬಂದು ಎಡಗಡೆ ‘ಪತ್ರ ಇಲ್ಲ’ ಎಂದು ಬರೆದೆ. ‘ಪಟ್ಟಿ’ ಎಂದು ಬರೆಯಲು ಹೋಗಿ ಕೈ ತಡೆದೆ. ಹುಡುಗಿಯೊಬ್ಬಳ ಸೋಮಾರಿತನಕ್ಕೆ ಇಡೀ ಲ್ಯಾಬನ್ನು ದೂರುವುದೇ? ಅಥವಾ ಅತ್ತೆ ಅಂದಂತೆ, ನನಗೇ ದೂರ ಹೋಗುವ ಆಸೆಯೇ? “ಪಕ್ಕದಲ್ಲಿರೋ ಕೆಲಸದಲ್ಲಿ ಹುಳುಕು ಹುಡುಕ್ತಿದೀಯ ಅಂದ್ರೆ, ನಿನಗೆ ಮನೆಯಿಂದ ಆಚೆ ಇರಬೇಕು ಅಷ್ಟೆ ಕಣೆ,” ಎಂದಿದ್ದರು ಅವರು. ಆ ಮಾತು ಚುಚ್ಚಿತ್ತು, ಏಕೆಂದರೆ ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಮೂರು ದಿನಕ್ಕೆ ಅತ್ತೆಗೇ ಜ್ವರ ಬಂತು. ಉರಿಮೂತ್ರ, ಸೊಂಟದ ಬಲಗಡೆ ನೋವು. ಔಷಧಿ ಶುರುಮಾಡುವ ಮೊದಲು ಮೂತ್ರದ ಕಲ್ಚರ್ ಮಾಡಿಸಿ ಎಂದರು ನಮ್ಮ ಡಾಕ್ಟರು. ಸದಾನಂದಪ್ಪನವರು ಪುಕ್ಕಟೆ ಮಾಡಿಕೊಡುತ್ತೇನೆಂದು ಹೇಳಿ ಕಳಿಸಿದರು. ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡಿ ತೋರಿಸಬೇಕಾದದ್ದೂ ಮರುದಿನವೇ.

ಅಂದು ಬೆಳಿಗ್ಗೆ ನಾನು ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಕ್ರಿಮಿರಹಿತ ಡಬ್ಬಿ ಎರಡು ತಂದಿಟ್ಟುಕೊಂಡಿದ್ದೆ. ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು, ಚೆನ್ನಾಗಿ ತೊಳೆಸಿ, ಮೊದಲ ಧಾರೆ ಬಿಟ್ಟು ನಡುವಿನದನ್ನು ಎರಡೂ ಡಬ್ಬಿಗೆ ಹಿಡಿದೆ.

“ಎರಡ್ಯಾಕೆ?” ಎಂದರು ಅತ್ತೆ.

“ಒಂದು ಚೆಲ್ಲಿದ್ರೆ ಇನ್ನೊಂದಿರಲಿ ಅಂತ.”

ಮೇದಿನಿಯ ಬುತ್ತಿ ಕಟ್ಟಿ, ಅತ್ತೆಗೆ ಗಂಜಿ ಕುಡಿಸಿ, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ ಹೊರಟೆ. ಒಂದು ಡಬ್ಬಿಯನ್ನು ಒಂಬತ್ತಕ್ಕೆ ಪೇಟೆಯಲ್ಲಿ ಕೊಟ್ಟೆ. ಇನ್ನೊಂದನ್ನು ಊಟದ ಕ್ಯಾರಿಯರಿನಲ್ಲಿ ಮಂಜುಗಡ್ಡೆಯ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆ. ತಂಪಿಲ್ಲದೆ ಹೆಚ್ಚು ಹೊತ್ತಾದರೆ ಡಬ್ಬಿಯಲ್ಲೇ ಕ್ರಿಮಿ ಹೆಚ್ಚಿ ಫಲಿತಾಂಶ ಕೆಡುತ್ತದೆ. ದಾರಿಯುದ್ದಕ್ಕೂ ಕಳ್ಳಮಾಲು ಸಾಗಿಸುವವಳಂತೆ ಅದನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದಿದ್ದೆ. ಆಸ್ಪತ್ರೆಯ ಕೌಂಟರಿನಲ್ಲಿ ಎಲ್ಲರಂತೆ ದುಡ್ಡು ಕಟ್ಟಿ ಚೀಟಿ ಮಾಡಿಸಿ ಡಬ್ಬಿ ಕೊಟ್ಟೆ.

ಲ್ಯಾಬಿನ ಮುಖ್ಯಸ್ಥೆ ಫಿಲೋಮಿನಾ ಮೇಡಂ ಎಂಬ ಗಿಡ್ಡನೆಯ ಹೆಂಗಸು. ನನ್ನ ಮುಂದೆ ರಕ್ತದ ಒಂದು ಟ್ಯೂಬು, ನಾಲ್ಕು ಗಾಜಿನ ಸ್ಲೈಡು ಇಟ್ಟರು. ರಕ್ತದ ಹನಿಯನ್ನು ಇನ್ನೊಂದು ಸ್ಲೈಡಿನ ಅಂಚಿನಿಂದ ಓರೆಯಾಗಿ ಹಿಡಿದು ತೆಳ್ಳಗೆ ಎಳೆಯಬೇಕು, ಕೊನೆ ಪುಕ್ಕದಂತೆ ತೆಳುವಾಗಬೇಕು. ಮೊದಲನೆಯದು ದಪ್ಪವಾಯಿತು. ಎರಡನೆಯದು ನಡುವೆ ತುಂಡಾಯಿತು. ಮೂರನೆಯದರಲ್ಲಿ ಕೈಗೆ ನೆನಪು ಮರಳಿತು. ಒಣಗಿಸಿ, ಬಣ್ಣ ಸುರಿದು ಎರಡು ನಿಮಿಷ ಬಿಟ್ಟು, ಅದರ ಎರಡರಷ್ಟು ಬಫರ್ ನೀರು ಬೆರೆಸಿ ಮತ್ತೆ ಎಂಟು ನಿಮಿಷ ಕಾದೆ. ಸೂಕ್ಷ್ಮದರ್ಶಕದಲ್ಲಿ ಬಿಳಿ ರಕ್ತಕಣಗಳನ್ನು ನೂರರವರೆಗೆ ಬಗೆಬಗೆಯಾಗಿ ಎಣಿಸಿ ಬರೆದುಕೊಟ್ಟೆ. ಅವರು ತಾವೂ ಕೂತು ಮತ್ತೆ ಎಣಿಸಿದರು.

“ಕೈ ನಿಧಾನ. ಎಣಿಕೆ ಸರಿ ಇದೆ. ಕೆಲಸಕ್ಕೆ ಬರೋದಾದ್ರೆ ತಿಳಿಸಮ್ಮ,” ಎಂದರು.

ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಮೇಡಂ, ಈ ಜಾಗದಿಂದ ಮೂರು ಜನ ಯಾಕೆ ಹೋದ್ರು?”

“ಒಬ್ಬಳಿಗೆ ಸರ್ಕಾರಿ ಕೆಲಸ ಸಿಕ್ತು. ಒಬ್ಬಳಿಗೆ ಸಂಜೆ ಪಾಳಿ ಆಗ್ಲಿಲ್ಲ, ಸಣ್ಣ ಮಗು ಇತ್ತು. ಮೂರನೆಯವಳನ್ನ ನಾನೇ ಕಳಿಸ್ದೆ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಥರ್ಮಾಮೀಟರ್ ನೋಡದೆ ಫ್ರಿಜ್ಜಿನ ಪಟ್ಟಿ ತುಂಬಿದ್ಲು. ಕೆಲಸದಲ್ಲಿ ಒಳ್ಳೆಯವಳೇ ನೋಡಮ್ಮ. ಆದ್ರೆ ಅವಳು ಬರೆದ ಬೇರೆ ಯಾವುದನ್ನೂ ಆಮೇಲೆ ನಂಬೋಕಾಗ್ಲಿಲ್ಲ.”

ಸಂಜೆ ಮನೆಗೆ ಬಂದಾಗ ಪೇಟೆಯ ರಿಪೋರ್ಟು ನನಗಿಂತ ಮೊದಲೇ ಬಂದು ಕೂತಿತ್ತು. ನನ್ನ ಗಂಡ ಖುಷಿಯಿಂದ ಕೈಗಿತ್ತರು. “ನೋಡು, ಅವನ ಕೆಲಸ ಅಂದ್ರೆ ಹೀಗೆ. ಅಮ್ಮಂಗೆ ಸೋಂಕೇ ಇಲ್ವಂತೆ.”

ಓದಿದೆ. ‘ನಲವತ್ತೆಂಟು ಗಂಟೆಗಳ ನಂತರ ಯಾವುದೇ ಬೆಳವಣಿಗೆ ಇಲ್ಲ.’

ಡಬ್ಬಿಯನ್ನು ನಾನು ಕೊಟ್ಟು ಬರೀ ಒಂಬತ್ತು ಗಂಟೆ ಕಳೆದಿತ್ತು.

“ಕ್ರಿಮಿ ಬೆಳೆಯೋಕೆ ಮೂವತ್ತೇಳು ಡಿಗ್ರಿಯಲ್ಲಿ ಕನಿಷ್ಠ ಒಂದು ರಾತ್ರಿ ಇಡಬೇಕು,” ಎಂದೆ. “ಹೊರಗಡೆ ಕಳಿಸ್ತೀವಿ ಅಂದಿದ್ರು. ಬೆಳಿಗ್ಗೆ ಹೋಗಿ ಸಂಜೆಗೆ ನಲವತ್ತೆಂಟು ಗಂಟೆ ಕಳೆದು ಬಂತಾ?”

“ಅಚ್ಚಾಗಿರೋ ನಮೂನೆ ಇರುತ್ತೆ. ಗಂಟೆ ತಪ್ಪಿರಬಹುದು. ರಿಪೋರ್ಟ್ ಚೆನ್ನಾಗಿ ಬಂದ್ರೂ ನಿನಗೆ ಅನುಮಾನ!”

ಡಾಕ್ಟರಿಗೆ ಫೋನು ಮಾಡಿದೆ. ಸೋಂಕಿಲ್ಲವೆಂಬ ರಿಪೋರ್ಟು ಕೇಳಿ ಅವರು ಬರೀ ಜ್ವರದ ಮಾತ್ರೆ ಸಾಕೆನ್ನುವುದರಲ್ಲಿದ್ದರು. ನಲವತ್ತೆಂಟು ಗಂಟೆಯ ಸುಳ್ಳನ್ನೂ, ಆಸ್ಪತ್ರೆಗೆ ಕೊಟ್ಟ ಇನ್ನೊಂದು ಡಬ್ಬಿಯ ವಿಷಯವನ್ನೂ ಹೇಳಿದೆ. “ಹಾಗಾದ್ರೆ ಔಷಧಿ ಈಗಲೇ ಶುರು ಮಾಡೋಣ. ನಡುಕ ಬಂದ್ರೆ ಕಾಯಬೇಡಿ, ಕರ್ಕೊಂಡು ಬನ್ನಿ,” ಎಂದರು.

ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಫಿಲೋಮಿನಾ ಮೇಡಂ ತಾವೇ ಫೋನು ಮಾಡಿದರು. ಕಲ್ಚರಿನ ತಟ್ಟೆಯ ತುಂಬ ಕ್ರಿಮಿ ಬೆಳೆದಿದೆ, ಒಂದು ಮಿಲಿಲೀಟರಿಗೆ ಲಕ್ಷಕ್ಕೂ ಮೇಲೆ. ಯಾವ ಔಷಧಿಗೆ ಬಗ್ಗುತ್ತದೆ ಎಂಬುದಕ್ಕೆ ಇನ್ನೊಂದು ದಿನ ಬೇಕು ಎಂದರು. ಆ ಇನ್ನೊಂದು ದಿನ ಕಳೆದು ಬಂದ ಪಟ್ಟಿಯಲ್ಲಿ, ನಾವು ಕೊಡುತ್ತಿದ್ದ ಮಾತ್ರೆಗೆ ಆ ಕ್ರಿಮಿ ಬಗ್ಗುವುದಿಲ್ಲವೆಂದಿತ್ತು. ಡಾಕ್ಟರು ಔಷಧಿ ಬದಲಿಸಿದರು. ಮೂರನೆಯ ದಿನ ಅತ್ತೆಯ ಜ್ವರ ಇಳಿಯಿತು. ಸಾರಿಗೆ ಉಪ್ಪು ಕಡಿಮೆಯೆಂದು ಬೈಯುವಷ್ಟು ಗೆಲುವಾದರು.

ಎರಡು ರಿಪೋರ್ಟುಗಳನ್ನೂ ನನ್ನ ಗಂಡ ಅಕ್ಕಪಕ್ಕ ಇಟ್ಟು ಓದಿದರು. ಆಮೇಲೆ ಎದ್ದು ಅಂಗಿ ಹಾಕಿಕೊಂಡು ಪೇಟೆಗೆ ಹೋದರು. ಗೆಳೆಯರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ಬಂದವರು ಇಷ್ಟೇ ಹೇಳಿದರು: “ಆಸ್ಪತ್ರೆಗೇ ಹೋಗು. ನಲ್ಲಿ ನೀರು ನಾನು ಹಿಡೀತೀನಿ.”

ಅಡುಗೆಮನೆಯ ಹಾಳೆಯನ್ನು ಅಂದೇ ಕಿತ್ತೆ. ಬಲಗಡೆಯ ಸಾಲುಗಳೆಲ್ಲ ಹಾಗೇ ಇದ್ದವು: ಎರಡು ಬಸ್ಸು, ಸಂಜೆ ಪಾಳಿ, ಕಡಿಮೆ ಸಂಬಳ. ಯಾವುದೂ ಸುಳ್ಳಾಗಿರಲಿಲ್ಲ, ಮುಂದೆ ಹಗುರವಾಗಲೂ ಇಲ್ಲ. ಸಂಜೆ ಪಾಳಿಯ ವಾರಗಳಲ್ಲಿ ಮೇದಿನಿ ಅನ್ನ ಸೀಯಿಸಿದಳು, ಅತ್ತೆ ಮುನಿಸಿಕೊಂಡರು. ಜಿಲ್ಲಾ ಆರೋಗ್ಯ ಕಚೇರಿಗೆ ಎರಡೂ ರಿಪೋರ್ಟಿನ ಪ್ರತಿಯಿಟ್ಟು ದೂರು ಬರೆದೆ. ತಲುಪಿದೆಯೆಂದು ಒಂದು ಕಾಗದ ಬಂತು, ಬೇರೇನೂ ಬರಲಿಲ್ಲ.

ಐದನೆಯ ತಿಂಗಳು ಒಬ್ಬ ಬಾಣಂತಿ ಆಸ್ಪತ್ರೆಗೆ ತಂದ ಹಳೆಯ ರಿಪೋರ್ಟುಗಳ ನಡುವೆ ಪೇಟೆಯ ಲ್ಯಾಬಿನದೊಂದು ಇತ್ತು. ನನಗೆಂದಿದ್ದ ಜಾಗದಲ್ಲಿ ಹೊಸ ಹೆಸರು, ‘ಸುಗಂಧಿನಿ’ ಎಂದು. ರುಜು ಮುದ್ರೆಯದು. ಆ ರುಜು ಎಲ್ಲೆಲ್ಲಿ ಬೀಳುತ್ತಿದೆಯೆಂದು ಅವಳಿಗೆ ಗೊತ್ತಿದೆಯೇ, ಅಥವಾ ಅವಳಿಗೂ ಮನೆಯಲ್ಲಿ ಯಾರಾದರೂ ‘ಹೋಲಿಸೋದೇನಿದೆ’ ಅಂದರೇ ಎಂದು ಇಡೀ ದಿನ ಯೋಚಿಸಿದೆ.

ಮರುದಿನ ನನಗೆ ಮಧ್ಯಾಹ್ನದ ಪಾಳಿ. ಹನ್ನೊಂದಕ್ಕೆ ಪೇಟೆಗೆ ಹೋಗಿ ಆ ಗಾಜಿನ ಬಾಗಿಲು ತಳ್ಳಿ ಅವಳ ಹೆಸರು ಹಿಡಿದು ಕೇಳಿದೆ. ಒಳಗಿನಿಂದ ಬಂದವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು.

“ಸುಗಂಧಿನಿ ನಾನೇ. ಹೇಳಿ ಮೇಡಂ.”

“ನಿಮ್ಮ ಹೆಸರಿನ ವಿಷಯ ಸ್ವಲ್ಪ ಮಾತಾಡಬೇಕಿತ್ತು.”

ಅವಳು ಏನು ಎಂದು ಕೇಳಲಿಲ್ಲ. ಒಮ್ಮೆ, ಸದಾನಂದಪ್ಪನವರ ದನಿ ಕೇಳುತ್ತಿದ್ದ ಒಳಕೋಣೆಯ ಪರದೆಯ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಗೆ ಇಳಿದು, ಸದ್ದಾಗದಂತೆ ಎರಡೂ ಕೈಯಿಂದ ಹಿಡಿದು, ಬಾಗಿಲನ್ನು ಮೆಲ್ಲನೆ ತನ್ನ ಹಿಂದೆ ಎಳೆದುಕೊಂಡಳು.