ಹದಿನೈದು ಓವರಿನ ಲೆಕ್ಕ

ಕೈಯಲ್ಲಿದ್ದ ಪಂದ್ಯವನ್ನು ಚೆಲ್ಲಿ ಬಂದ ನಾಯಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಗೆಲ್ಲಲು ಬೇಕಿದ್ದದ್ದು ನೂರಿಪ್ಪತ್ತೊಂದು. ಹತ್ತು ಓವರಿಗೆ ನಾಲ್ಕು ವಿಕೆಟ್ ಕಳೆದುಕೊಂಡು ಎಪ್ಪತ್ತು ಮಾಡಿದ್ದರು. ಉಳಿದ ಹತ್ತು ಓವರಿನಲ್ಲಿ ಚೆಂಡಿಗೆ ಒಂದೊಂದೇ ರನ್ ಓಡಿದ್ದರೂ ಮುಗಿಯುತ್ತಿತ್ತು.

ಆಗಲೇ ತಂಡದ ಮ್ಯಾನೇಜರ್, ಅಂದರೆ ಅವನ ಅಕ್ಕನ ಗಂಡ, ಬೌಂಡರಿ ಗೆರೆಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಅರಚಿದ್ದ: "ಬರೀ ಗೆದ್ರೆ ಬ್ಯಾಂಕಿನ ಟೀಮಿಗೆ ಅಂಕದಲ್ಲಿ ಸಮ ಆಗ್ತೀವಿ ಅಷ್ಟೆ. ಸೆಮಿಗೆ ಹೋಗೋಕೆ ನೆಟ್ ರನ್ ರೇಟ್ ಬೇಕು. ಹದಿನೈದು ಓವರಲ್ಲಿ ಮುಗಿಸ್ರೋ!"

ಎಲ್ಲರೂ ಕಣ್ಣು ಮುಚ್ಚಿಕೊಂಡು ಬ್ಯಾಟು ಬೀಸಿದರು. ಹದಿನಾಲ್ಕನೇ ಓವರಿಗೆ ಆಲೌಟ್.

ಪೆವಿಲಿಯನ್ ಗೋಡೆಯ ಮೇಲೆ ಅಂಕಪಟ್ಟಿ ಅಂಟಿಸಿದ್ದರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನಿಯಮ: ಎರಡು ತಂಡಗಳ ಅಂಕ ಸಮನಾದರೆ ಮೊದಲು ನೋಡುವುದು ಅವೆರಡರ ನಡುವಿನ ಪಂದ್ಯವನ್ನು ಯಾರು ಗೆದ್ದರೆಂದು, ನೆಟ್ ರನ್ ರೇಟ್ ಆಮೇಲಿನದು.

ಬ್ಯಾಂಕಿನವರನ್ನು ಇವರು ಮೊದಲ ವಾರವೇ ಬಗ್ಗುಬಡಿದಿದ್ದರು.

"ಭಾವ, ಇಲ್ಲಿ ಬನ್ನಿ. ಓದಿ ಇದನ್ನ."

ಭಾವ ಓದಿದ.

"ಬರೀ ಗೆದ್ದಿದ್ರೆ ಸಾಕಿತ್ತು! ವಾರದಿಂದ ಇದರ ಮುಂದೇನೇ ನಿಂತು ಟೀ ಕುಡೀತಿದ್ರಲ್ಲ, ಕಣ್ಣೇನು ಬಾಡಿಗೆಗೆ ಕೊಟ್ಟಿದ್ರಾ?" ನಾಯಕ ಗ್ಲೌಸನ್ನು ಗೋಡೆಗೆ ಎಸೆದ.

ಭಾವ ಕ್ಯಾಲ್ಕುಲೇಟರನ್ನು ಮೆಲ್ಲಗೆ ಜೇಬಿಗಿಳಿಸಿದ. "ಅದೇನೋ ಸರಿ ಕಣೋ. ಆದ್ರೆ ನನ್ನ ಲೆಕ್ಕದಲ್ಲಿ ತಪ್ಪಿರ್ಲಿಲ್ಲ, ನೋಡು."