ಪಟ್ಟಿಯ ಹಳದಿ

ಬೆನ್ನುನೋವಿಗೆಂದು ಎರಡು ದಿನ ಆಸ್ಪಿರಿನ್ ನುಂಗಿ ಮೈಗೆ ವಿಷವೇರಿ ಎಚ್ಚರ ತಪ್ಪಿದ್ದ ಹೊಲಿಗೆಯಾಕೆಗೆ, ಮೂತ್ರದ ಹುಳಿ ಕಳೆಯುವ ಸೋಡಾ ಬೈಕಾರ್ಬನೇಟ್ ಡ್ರಿಪ್ ಹಾಕಿ ನಾಲ್ಕು ಗಂಟೆಯಾಗಿತ್ತು. ಆದರೂ ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ಹಳದಿಯಾಗಿಯೇ ಉಳಿಯಿತು. ಅಂದರೆ ಮೂತ್ರ ಇನ್ನೂ ಹುಳಿ.

"ಸೋಡಾ ಕೆಲಸ ಮಾಡ್ತಿಲ್ಲ, ನಿಲ್ಲಿಸಿ," ಎಂದರು ದೊಡ್ಡ ಡಾಕ್ಟರು.

"ನಿಲ್ಲಿಸಲ್ಲ ಸರ್."

ಹಾಗಂದದ್ದು ವಾರ್ಡಿನವರು ಮೆಣಸಿನಕಾಯಿ ಸಿಸ್ಟರ್ ಎನ್ನುತ್ತಿದ್ದ ಹಿರಿಯ ನರ್ಸು.

"ನನಗೇ ಪಾಠ ಹೇಳ್ತೀರಾ?"

"ಹೇಳ್ಲೇಬೇಕಾದ್ರೆ ಹೇಳ್ತೀನಿ. ಆಸ್ಪಿರಿನ್ ದುರ್ಬಲ ಆಮ್ಲ. ಮೂತ್ರ ಕ್ಷಾರವಾದ್ರೆ ಅದು ವಿದ್ಯುದಂಶ ಹೊತ್ತ ಅಯಾನಾಗಿ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ, ರಕ್ತಕ್ಕೆ ವಾಪಸ್ ದಾಟೋಕಾಗದೆ ಹೊರಗೆ ಹೋಗುತ್ತೆ. ಹುಳಿ ಇದ್ರೆ ಮತ್ತೆ ಒಳಕ್ಕೇ ನುಸುಳುತ್ತೆ."

"ಅದು ನನಗೂ ಗೊತ್ತು. ಕ್ಷಾರ ಆಗ್ತಿಲ್ವಲ್ಲ!"

ಅವಳು ಬೆಳಗಿನ ರಕ್ತದ ರಿಪೋರ್ಟನ್ನು ಅವರ ಕೈಗೇ ತುರುಕಿದಳು. ಪೊಟ್ಯಾಸಿಯಂ ಪಾತಾಳಕ್ಕಿಳಿದಿತ್ತು, ಅದನ್ನು ಯಾರೂ ನೋಡಿರಲಿಲ್ಲ.

"ಪೊಟ್ಯಾಸಿಯಂ ಕಮ್ಮಿಯಾದ್ರೆ ಕಿಡ್ನಿ ಇದ್ದಷ್ಟನ್ನ ಬಿಗಿಯಾಗಿ ಹಿಡ್ಕೊಂಡು, ಬದಲಿಗೆ ಆಮ್ಲಾನೇ ಮೂತ್ರಕ್ಕೆ ಬಿಡುತ್ತೆ. ಇದನ್ನ ಬಿಟ್ಟು ಸೋಡಾನ ಬೈದ್ರೆ, ಕುಣಿಲಾರದೋಳು ನೆಲ ಡೊಂಕು ಅಂದಂಗಾಯ್ತು."

ವಾರ್ಡಿನಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು. ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಪೊಟ್ಯಾಸಿಯಂ ಬರೆದು ಸಹಿ ಹಾಕಿದರು. ಸೋಡಾ ಜೊತೆಗೆ ಅದೂ ಡ್ರಿಪ್ಪಿನಲ್ಲಿ ಹನಿಯತೊಡಗಿತು.

ಸಂಜೆ ಅವರು ಮತ್ತೆ ಬಂದಾಗ ಹೊಲಿಗೆಯಾಕೆ ಕಣ್ಣು ಬಿಟ್ಟು ನೀರು ಕೇಳುತ್ತಿದ್ದಳು. ಸಿಸ್ಟರ್ ಹೊಸ ಪಟ್ಟಿಯೊಂದನ್ನು ಡಾಕ್ಟರ ಮೂಗಿನ ಮುಂದೆಯೇ ಮೂತ್ರದಲ್ಲಿ ಅದ್ದಿದಳು. ಅದು ಹಸಿರಾಗಿ, ನೀಲಿಗೆ ತಿರುಗಿತು.

"ಈಗ ನಿಲ್ಲಿಸ್ಲಾ ಸರ್?"